ಮೊದಲ ಅಕೌಂಟೆಂಟರಿಗೆ ಸಂಬಳದ ವಿವರಚೀಟಿ ಬರೆಯುವ ಬಗೆ: ತುಮಕೂರಿನ ಒಂದು ಎಣ್ಣೆ ಮಿಲ್ಲಿನ ಲೆಕ್ಕ

ತುಮಕೂರಿನ ಅಂತರಸನಹಳ್ಳಿ ಕಡೆ ನಮ್ಮದೊಂದು ಸಣ್ಣ ಎಣ್ಣೆ ಮಿಲ್ ಇದೆ. ತಿಪಟೂರಿನಿಂದ ಕೊಬ್ಬರಿ ತರಿಸಿ, ಎಣ್ಣೆ ತೆಗೆದು, ಡಬ್ಬಿ ತುಂಬಿ ಅಂಗಡಿಗಳಿಗೆ ಕಳಿಸುತ್ತೇವೆ. ಬಹಳ ವರ್ಷ ಬಿಲ್ಲುಗಳನ್ನು ನಾನೇ ಕಟ್ಟಿಟ್ಟುಕೊಂಡು ತಿಂಗಳಿಗೊಮ್ಮೆ ತೆರಿಗೆ ಸಲಹೆಗಾರರ ಬಳಿ ಒಯ್ಯುತ್ತಿದ್ದೆ. ವ್ಯವಹಾರ ಬೆಳೆದು ಅದು ಸಾಧ್ಯವಾಗದ ಹಂತ ತಲುಪಿದಾಗ, ಗುಬ್ಬಿ ಕಡೆಯ ಬಿ.ಕಾಂ. ಪದವೀಧರೆಯೊಬ್ಬರನ್ನು ಅಕೌಂಟೆಂಟ್ ಆಗಿ ತೆಗೆದುಕೊಳ್ಳಲು ನಿರ್ಧರಿಸಿದೆವು. ಮಾತುಕತೆ ಮುಗಿದು "ಇಪ್ಪತ್ತು ಸಾವಿರ" ಎಂದು ಹೇಳಿದ ಕೂಡಲೇ ಅವರು ಕೇಳಿದ ಪ್ರಶ್ನೆ ಇದು: "ಸರ್, ಇಪ್ಪತ್ತು ಸಾವಿರ ಅಂದ್ರೆ ಕೈಗೆ ಬರೋದಾ, ಕಟ್ ಆಗೋಕೆ ಮುಂಚೆಯದಾ?" ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಿನ ಸಮಯ ಕೇಳಿ ನಾನು ಬರೆದ ಚೀಟಿಯನ್ನೇ ಇಲ್ಲಿ ಹಂತಹಂತವಾಗಿ ಬಿಡಿಸಿ ಇಡುತ್ತಿದ್ದೇನೆ. ಹತ್ತರ ಆಸುಪಾಸಿನಲ್ಲಿ ಜನರಿರುವ, ಪಿಎಫ್ ಇನ್ನೂ ಬಾರದ ಉದ್ದಿಮೆಗಳಿಗೆ ಇದು ಹೆಚ್ಚು ಹೊಂದುತ್ತದೆ.

ಮೊದಲ ಹಂತ: ಸಂಬಳ ಬರೆಯುವ ಮುನ್ನ ತಲೆ ಎಣಿಸಿ

ಸಂಬಳದ ಮೊತ್ತಕ್ಕಿಂತ ಮುಂಚೆ ಗೊತ್ತಾಗಬೇಕಾದದ್ದು, ಹೊಸಬರು ನಿಮ್ಮಲ್ಲಿ ಎಷ್ಟನೆಯವರು ಎಂಬುದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಅನ್ವಯಿಸುತ್ತದೆ. ವರ್ಷಗಟ್ಟಲೆ ದುಡಿದವರು ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯ ಹೊಣೆಯೂ ಹತ್ತು ಜನರಿಂದಲೇ ಶುರುವಾಗುತ್ತದೆ. ಪಿಎಫ್ ಮತ್ತು ಶಾಸನಬದ್ಧ ಬೋನಸ್ ಇಪ್ಪತ್ತು ಜನರಿಂದ ಬರುತ್ತವೆ. ಹೀಗಾಗಿ ಒಂಬತ್ತು ಜನರಿರುವಲ್ಲಿ ಸೇರುವ ಅಕೌಂಟೆಂಟ್ ಬರೀ ಒಬ್ಬ ನೌಕರರಲ್ಲ, ಹತ್ತನೆಯವರು.

ನಮ್ಮಲ್ಲಿ ಯಂತ್ರದ ಬಳಿ ನಾಲ್ವರು, ಪ್ಯಾಕಿಂಗ್‌ನಲ್ಲಿ ಇಬ್ಬರು, ಒಬ್ಬ ಚಾಲಕ, ಒಬ್ಬ ಮಾರಾಟದ ಹುಡುಗ ಮತ್ತು ಸ್ವಚ್ಛತೆಗೆ ಬರುವ ಒಬ್ಬರು ಅಮ್ಮ, ಒಟ್ಟು ಒಂಬತ್ತು. ಕೊಬ್ಬರಿ ಲಾರಿ ಬಂದ ದಿನ ಮೂಟೆ ಇಳಿಸಲು ಮೇಸ್ತ್ರಿಯ ಮೂಲಕ ಬರುವ ಹಮಾಲರನ್ನು ನಾನು ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ನನ್ನ ತಪ್ಪು. ಇಎಸ್‌ಐ ಕಾಯ್ದೆಯಲ್ಲಿ ಕಾರ್ಖಾನೆ ಎಂದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ದುಡಿದ ಸ್ಥಳ ಎಂಬ ಅರ್ಥವಿತ್ತು, ಗುತ್ತಿಗೆದಾರನ ಮೂಲಕ ಬಂದವರೂ ಆ ಎಣಿಕೆಗೆ ಸೇರಬಹುದು. ಆದ್ದರಿಂದ ಹಾಜರಿ ಪುಸ್ತಕವನ್ನಷ್ಟೇ ನೋಡದೆ ಕೂಲಿ ಕೊಟ್ಟ ವೋಚರುಗಳನ್ನೂ ತೆಗೆದು ನೋಡಿ. ಒಮ್ಮೆ ಇಎಸ್‌ಐ ಅನ್ವಯಿಸಿದ ಮೇಲೆ, ಮುಂದೆ ಜನ ಕಡಿಮೆಯಾದರೂ ಅದು ಹೋಗುವುದಿಲ್ಲ.

ಎರಡನೆಯ ಹಂತ: ಮೂಲವೇತನದ ಸಾಲನ್ನು ಮೊದಲು ನಿಲ್ಲಿಸಿ

ಅಂತರ್ಜಾಲದಲ್ಲಿ ಸಿಗುವ ಸಿದ್ಧ ಪಟ್ಟಿಗಳಲ್ಲಿ ಮೂಲವೇತನ ಶೇಕಡಾ 40, ಮನೆ ಬಾಡಿಗೆ ಭತ್ಯೆ ಅದರ ಅರ್ಧದಷ್ಟು, ಉಳಿದದ್ದೆಲ್ಲ ವಿಶೇಷ ಭತ್ಯೆ ಎಂದು ಇರುತ್ತದೆ. ಅದು ದೊಡ್ಡ ಸಂಬಳದ ನೌಕರಿಗಳಿಗಾಗಿ ಹೊಸೆದ ಪಟ್ಟಿ. ಇಪ್ಪತ್ತು ಸಾವಿರಕ್ಕೆ ಅದನ್ನು ಹಚ್ಚಿದರೆ ಮೂಲವೇತನ 8,000 ರೂಪಾಯಿಗೆ ಇಳಿಯುತ್ತದೆ, ಮತ್ತು ಎರಡು ಕಾರಣಕ್ಕೆ ಅದು ನಿಲ್ಲುವುದಿಲ್ಲ.

ಒಂದನೆಯದು ಕನಿಷ್ಠ ವೇತನ. ಕರ್ನಾಟಕ ಸರ್ಕಾರ ಪ್ರತಿ ಉದ್ಯೋಗಕ್ಕೂ, ವಲಯಕ್ಕೂ, ಕೆಲಸದ ದರ್ಜೆಗೂ ಬೇರೆ ಬೇರೆ ಮೊತ್ತ ಗೊತ್ತುಮಾಡುತ್ತದೆ. ಅದರಲ್ಲಿ ಮೂಲವೇತನ ಮತ್ತು ವ್ಯತ್ಯಾಸವಾಗುವ ತುಟ್ಟಿಭತ್ಯೆ ಎಂಬ ಎರಡು ಭಾಗಗಳಿರುತ್ತವೆ, ತುಟ್ಟಿಭತ್ಯೆ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ಈ ಎರಡನ್ನೂ ಕೂಡಿಸಿ ಬರುವ ಮೊತ್ತವೇ ನಿಮ್ಮ ಚೀಟಿಯ ಮೊದಲ ಸಾಲಿನ ಕೆಳಮಿತಿ. ಮನೆ ಬಾಡಿಗೆ ಭತ್ಯೆಯನ್ನು ತಂದು ಸೇರಿಸಿ ಆ ಮಿತಿ ಮುಟ್ಟಿತೆಂದು ತೋರಿಸಲಾಗದು. ಅಧಿಸೂಚನೆಯಲ್ಲಿ ಗುಮಾಸ್ತ ಅಥವಾ ಅಕೌಂಟೆಂಟ್ ಯಾವ ದರ್ಜೆಯಡಿ ಬರುತ್ತಾರೆ ಎಂಬುದನ್ನು ಬೆರಳಿಟ್ಟು ಓದಿ. ಸಹಾಯಕರ ದರ್ಜೆಯ ಮೊತ್ತ ನೋಡಿಕೊಂಡು ಬರೆದುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು.

ಎರಡನೆಯದು, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ. ಮನೆ ಬಾಡಿಗೆ, ಓಡಾಟದ ಭತ್ಯೆ ಮುಂತಾಗಿ ವೇತನದಿಂದ ಹೊರಗಿಟ್ಟ ಸಾಲುಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕಬೇಕು. ಸಂಬಳವನ್ನು ಹತ್ತು ಚೂರು ಮಾಡಿ ಮೂಲವೇತನವನ್ನು ತಗ್ಗಿಸುವುದರಿಂದ ಈಗ ಏನೂ ಉಳಿಯುವುದಿಲ್ಲ. ತೆರಿಗೆಯ ಲಾಭವೂ ಇಲ್ಲ: ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ, ಮತ್ತು ವರ್ಷಕ್ಕೆ 2,40,000 ರೂಪಾಯಿ ಆದಾಯದವರು ಹೇಗೂ ತೆರಿಗೆ ಕಟ್ಟಬೇಕಾಗಿಲ್ಲ. ಈ ಕಾರಣಗಳಿಂದ ನಾನು ಎರಡೇ ಸಾಲು ಇಟ್ಟೆ: ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 18,200 ರೂಪಾಯಿ, ಮನೆ ಬಾಡಿಗೆ ಭತ್ಯೆ 1,800 ರೂಪಾಯಿ. ನಿಮ್ಮ ಅಧಿಸೂಚನೆಯ ಮೊತ್ತ 18,200ಕ್ಕಿಂತ ಹೆಚ್ಚಿದ್ದರೆ ನನ್ನ ಅಂಕಿಯನ್ನು ಬಿಟ್ಟು ಅದನ್ನೇ ಹಿಡಿಯಿರಿ.

ಎರಡನೆಯ ಸಾಲಿನ ಹೆಸರು ಮೊದಲು ಬೇರೆ ಇತ್ತು. ನಾನು ಅದನ್ನು "ಬಸ್ ಭತ್ಯೆ" ಎಂದು ಬರೆದಿದ್ದೆ. ಚೀಟಿ ಓದಿದ ಅವರು, "ನಂಗೆ ಶಕ್ತಿ ಯೋಜನೇಲಿ ಬಸ್ ಫ್ರೀ ಇದೆ ಸರ್. ಮುಂದೆ ಯಾವತ್ತಾದ್ರೂ, ನಿನಗೆ ಟಿಕೆಟ್ಟೇ ಇಲ್ಲವಲ್ಲ ಅಂತ ಇದನ್ನ ತೆಗೆದುಬಿಡ್ತೀರಾ?" ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿತ್ತು. ಭತ್ಯೆಗೆ ಒಂದು ಕಾರಣದ ಹೆಸರಿಟ್ಟರೆ ಆ ಕಾರಣ ಇಲ್ಲವಾದ ದಿನ ಭತ್ಯೆಯ ಬಗ್ಗೆ ಜಗಳ ಹುಟ್ಟುತ್ತದೆ. ಮನೆ ಬಾಡಿಗೆ ಭತ್ಯೆ ಎಂದು ಬದಲಿಸಿ, ಸ್ವಂತ ಮನೆಯಲ್ಲಿದ್ದರೂ ಬಾಡಿಗೆ ಮನೆಯಲ್ಲಿದ್ದರೂ ಇದು ಪ್ರತಿ ತಿಂಗಳು ಸಲ್ಲುತ್ತದೆ ಎಂದು ಕೆಳಗೆ ಒಂದು ವಾಕ್ಯ ಸೇರಿಸಿದೆ. "ಇತರ ಭತ್ಯೆ" ಎಂದು ಬರೆದಿದ್ದರೆ, ಹೊರಗಿಡಬಹುದಾದ ಸಾಲುಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲದ ಕಾರಣ ಅದೂ ವೇತನವಾಗಿಯೇ ಎಣಿಕೆಯಾಗುತ್ತಿತ್ತು.

ಬ್ಯಾಂಕಿಗೆ, ತೆರಿಗೆ ಸಲಹೆಗಾರರ ಕಚೇರಿಗೆ ಹೋಗಿಬರುವ ಆಟೋ ಖರ್ಚನ್ನು ಸಂಬಳದೊಳಗೆ ತುರುಕಬೇಡಿ. ಅದು ಮಿಲ್ಲಿನ ಖರ್ಚು; ವೋಚರ್ ಬರೆದು ಆಗಿಂದಾಗ್ಗೆ ಕೊಡಿ.

ಮೂರನೆಯ ಹಂತ: ಕಡಿತ ಮತ್ತು ಮಾಲೀಕರ ಪಾಲನ್ನು ಬೇರೆ ಬೇರೆ ಬರೆಯಿರಿ

ಹೆಚ್ಚಿನ ಮನಸ್ತಾಪ ಹುಟ್ಟುವುದು ಇಲ್ಲಿ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. 2019ರ ಜುಲೈನಿಂದ ನೌಕರರ ಪಾಲು ಶೇಕಡಾ 0.75, ಮಾಲೀಕರ ಪಾಲು ಶೇಕಡಾ 3.25. ನಾನು ಎರಡೂ ಸಾಲು ಸೇರಿಸಿ 20,000 ರೂಪಾಯಿಯ ಮೇಲೆ ಲೆಕ್ಕ ಹಾಕಿದೆ: ಅವರ ಪಾಲು 150 ರೂಪಾಯಿ, ನಮ್ಮ ಪಾಲು 650 ರೂಪಾಯಿ. ಇಎಸ್‌ಐ ಹಳೆಯ ಕಾಯ್ದೆಯಲ್ಲಿ ಮನೆ ಬಾಡಿಗೆ ಭತ್ಯೆಯೂ ವೇತನವೇ ಆಗಿತ್ತು. ಹೊಸ ಸಂಹಿತೆಯಲ್ಲಿ ವ್ಯಾಖ್ಯೆ ಬದಲಾಗಿರುವುದರಿಂದ, ಚಲನ್ ತುಂಬುವ ಮುನ್ನ ನಿಮ್ಮ ಸಲಹೆಗಾರರ ಬಳಿ ಈ ಒಂದು ಅಂಶವನ್ನು ಕೇಳಿಕೊಳ್ಳಿ.

ಈ 650 ರೂಪಾಯಿಯನ್ನು ನೌಕರರ ಸಂಬಳದಿಂದ ಮುರಿದುಕೊಳ್ಳುವುದನ್ನು ಕಾನೂನು ಒಪ್ಪುವುದಿಲ್ಲ. ಆದರೂ ಸಿಟಿಸಿ ಎಂಬ ಒಂದು ಮೊತ್ತ ಹೇಳಿ, ಅದರೊಳಗೆ ಮಾಲೀಕರ ಪಾಲನ್ನೂ ಗ್ರಾಚ್ಯುಟಿಯನ್ನೂ ಅಡಗಿಸಿಡುವ ರೂಢಿ ಇದೆ. "ಇಪ್ಪತ್ತು ಸಾವಿರ" ಎಂದು ಬಾಯಲ್ಲಿ ಹೇಳಿ ಮೊದಲ ತಿಂಗಳು ಹದಿನೆಂಟೂವರೆ ಸಾವಿರ ಹಾಕಿದರೆ, ಬಂದವರು ಮೋಸವಾಯಿತೆಂದು ತಿಳಿಯುವುದರಲ್ಲಿ ತಪ್ಪಿಲ್ಲ. ನಾನು ಸಿಟಿಸಿ ಎಂಬ ಪದವನ್ನೇ ಬಳಸದೆ, ಒಟ್ಟು ಸಂಬಳ, ಕಡಿತ, ಕೈಗೆ ಬರುವ ಮೊತ್ತ ಎಂದು ಮೂರು ಭಾಗ ಮಾಡಿ, ಸಂಬಳದ ಹೊರಗೆ ಮಾಲೀಕರು ಕಟ್ಟುವುದು ಎಂದು ನಾಲ್ಕನೆಯದನ್ನು ಗೆರೆ ಎಳೆದು ಕೆಳಗಿಟ್ಟೆ.

ವೃತ್ತಿ ತೆರಿಗೆ ಕರ್ನಾಟಕದಲ್ಲಿ ತಿಂಗಳಿಗೆ 25,000 ರೂಪಾಯಿ ಮತ್ತು ಮೇಲ್ಪಟ್ಟ ಸಂಬಳಕ್ಕೆ ಮಾತ್ರ; ಆ ಹಂತದಲ್ಲಿ ತಿಂಗಳಿಗೆ 200, ಫೆಬ್ರುವರಿಯಲ್ಲಿ 300 ರೂಪಾಯಿ. ನಮ್ಮ ಚೀಟಿಯಲ್ಲಿ ಅದು ಸೊನ್ನೆ. ಸೊನ್ನೆ ಎಂದೇ ಬರೆಯಿರಿ, ಸಾಲನ್ನು ಬಿಟ್ಟುಬಿಡಬೇಡಿ. ಮುಂದೆ ಸಂಬಳ ಏರಿದಾಗ ಹೊಸ ಕಡಿತ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುವುದಿಲ್ಲ.

ಪಿಎಫ್ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಅಕೌಂಟೆಂಟ್ ಮೊದಲು ದುಡಿದಿದ್ದ ಕಡೆ ಸಂಬಳ ಚೀಟಿಯಲ್ಲಿ ಪ್ರತಿ ತಿಂಗಳು ಪಿಎಫ್ ಎಂದು ಮುರಿದುಕೊಳ್ಳುತ್ತಿದ್ದರಂತೆ, ಆದರೆ ಅವರ ಖಾತೆಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ನೋಂದಣಿ ಇಲ್ಲದೆ ಪಿಎಫ್ ಹೆಸರಲ್ಲಿ ಮುರಿದುಕೊಳ್ಳಲು ಯಾರಿಗೂ ಹಕ್ಕಿಲ್ಲ. ಇಪ್ಪತ್ತು ಜನರಿಗಿಂತ ಕಡಿಮೆ ಇದ್ದು ಸ್ವಇಚ್ಛೆಯಿಂದ ಸೇರದೆ ಇದ್ದರೆ "ಪಿಎಫ್ ಅನ್ವಯಿಸುವುದಿಲ್ಲ" ಎಂದು ನೇರವಾಗಿ ಬರೆದು, ಮುಂದೆ ಅನ್ವಯಿಸಿದರೆ ಮಾಲೀಕರ ಪಾಲನ್ನು ಈ ಸಂಬಳದಿಂದ ಕಳೆಯುವುದಿಲ್ಲ ಎಂಬ ಮಾತನ್ನೂ ಸೇರಿಸಿ. 15,000 ರೂಪಾಯಿ ಮಿತಿಯ ಮೇಲೆ ಶೇಕಡಾ 12 ಎಂದರೆ ಎರಡೂ ಕಡೆಯಿಂದ 1,800 ರೂಪಾಯಿಯಂತೆ ಆಗುತ್ತದೆ, ಆ ಮಾತು ಇಂದೇ ಕಾಗದದ ಮೇಲಿರುವುದು ಇಬ್ಬರಿಗೂ ಒಳ್ಳೆಯದು.

ನಾಲ್ಕನೆಯ ಹಂತ: ನಿಮಗೆ ನಿಜವಾಗಿ ಬೀಳುವ ಖರ್ಚು

ಇದು ಚೀಟಿಯಲ್ಲಿ ಬರೆಯುವುದಲ್ಲ, ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳುವುದು. ಗ್ರಾಚ್ಯುಟಿಯನ್ನು ವರ್ಷಕ್ಕೆ 15 ದಿನದ ವೇತನದಂತೆ, ತಿಂಗಳಿಗೆ 26 ದಿನವೆಂದು ಹಿಡಿದು ಲೆಕ್ಕ ಹಾಕುತ್ತಾರೆ. 18,200ನ್ನು 26ರಿಂದ ಭಾಗಿಸಿದರೆ ದಿನಕ್ಕೆ 700. ಹದಿನೈದು ದಿನಕ್ಕೆ 10,500. ತಿಂಗಳಿಗೆ ಹಂಚಿದರೆ 875 ರೂಪಾಯಿ. ಕಾಯಂ ನೌಕರರಿಗೆ ಐದು ವರ್ಷ ಪೂರೈಸಿದ ಮೇಲೆ ಸಲ್ಲುವ ಹಣವಿದು, ಈಗಲೇ ಎತ್ತಿಡುವುದು ಮಾಲೀಕರ ಶಿಸ್ತು. ಅವರ ಮಾಸಿಕ ಸಂಬಳದ ಭಾಗವೆಂದು ತೋರಿಸಿದರೆ ಅದು ಸುಳ್ಳಾಗುತ್ತದೆ.

ಹೀಗೆ ಅಕೌಂಟೆಂಟರ ಖರ್ಚು 20,000, 650 ಮತ್ತು 875 ಸೇರಿ ತಿಂಗಳಿಗೆ 21,525 ರೂಪಾಯಿ ಎನಿಸುತ್ತದೆ. ಆದರೆ ಹತ್ತನೆಯವರು ಬಂದದ್ದರಿಂದ ಉಳಿದ ಒಂಬತ್ತು ಜನರೂ ಇಎಸ್‌ಐಗೆ ಬಂದರು. ಅವರ ಒಟ್ಟು ಸಂಬಳ 1,44,000 ರೂಪಾಯಿ. ಅದಕ್ಕೆ ನಮ್ಮ ಪಾಲು 4,680 ರೂಪಾಯಿ. ಎರಡನ್ನೂ ಕೂಡಿದರೆ ಒಬ್ಬರ ನೇಮಕದಿಂದ ಮಿಲ್ಲಿನ ಮೇಲೆ ಬಿದ್ದದ್ದು ತಿಂಗಳಿಗೆ 26,205 ರೂಪಾಯಿ, ಒಂಬತ್ತು ಜನರ ಗ್ರಾಚ್ಯುಟಿಗೆ ಎತ್ತಿಡಬೇಕಾದದ್ದು ಇದರ ಮೇಲೆ. ಈ ಅಂಕಿ ನೋಡಿ ಅಕೌಂಟೆಂಟರನ್ನು ಹಾಜರಿ ಪುಸ್ತಕದಿಂದ ಹೊರಗಿಡುವ ಯೋಚನೆ ಕೆಲವರಿಗೆ ಬರುತ್ತದೆ. ಅದನ್ನು ಮಾಡಬಾರದು. ಇಎಸ್‌ಐನಿಂದ ನೌಕರರಿಗೂ ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತದೆ, ಕಾಯಿಲೆ ರಜೆಯಲ್ಲಿ ನಿಯಮದಂತೆ ವೇತನದ ಶೇಕಡಾ 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ, ಹೆರಿಗೆಯ 26 ವಾರಗಳ ವೇತನವನ್ನೂ ನಿಗಮವೇ ಕೊಡುತ್ತದೆ. ಯಂತ್ರದ ಬಳಿ ನಿಲ್ಲುವ ನಾಲ್ವರಿಗೆ ಇದು ಮೊದಲೇ ಸಿಗಬೇಕಿತ್ತು ಎಂಬುದು ನನ್ನ ಮನಸ್ಸಿಗೆ ಇಂದಿಗೂ ಚುಚ್ಚುತ್ತದೆ.

ಕಡಿತ ಶುರುವಾಗುವ ತಿಂಗಳಿಗೆ ಮುಂಚೆ ಹಳೆಯ ನೌಕರರನ್ನೂ ಕೂರಿಸಿಕೊಂಡು ಹೇಳಿ. 16,000 ಪಡೆಯುವವರಿಗೆ ಮುರಿಯುವುದು 120 ರೂಪಾಯಿ. ಹೇಳದೆ ಮುರಿದರೆ, ಹೊಸ ಅಕೌಂಟೆಂಟ್ ಬಂದು ನಮ್ಮ ದುಡ್ಡು ಕತ್ತರಿಸಿದರು ಎಂಬ ಮಾತು ಮಿಲ್ಲಿನ ತುಂಬ ಹರಡುತ್ತದೆ, ಪಾಪ ಅವರು ಅದಕ್ಕೆ ಕಾರಣರೇ ಅಲ್ಲ.

ಐದನೆಯ ಹಂತ: ಚೀಟಿಯನ್ನು ಬರೆಯಿರಿ

ಮಿಲ್ಲಿನ ಲೆಟರ್‌ಹೆಡ್ ಮೇಲೆ, ನೇಮಕಾತಿ ಪತ್ರದ ಜೊತೆಗೆ ನಾವು ಕೊಟ್ಟದ್ದು ಹೀಗಿತ್ತು.

ಸಂಬಳದ ವಿವರ (ಪ್ರತಿ ತಿಂಗಳಿಗೆ, ರೂಪಾಯಿಗಳಲ್ಲಿ)
ಹುದ್ದೆ: ಅಕೌಂಟೆಂಟ್
ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ: 18,200
ಮನೆ ಬಾಡಿಗೆ ಭತ್ಯೆ: 1,800
ಒಟ್ಟು ಸಂಬಳ: 20,000
ಕಡಿತ, ಇಎಸ್‌ಐ ನೌಕರರ ಪಾಲು: 150
ಕಡಿತ, ವೃತ್ತಿ ತೆರಿಗೆ: 0
ಪಿಎಫ್: ಸದ್ಯಕ್ಕೆ ಅನ್ವಯಿಸುವುದಿಲ್ಲ
ಕೈಗೆ ಬರುವ ಸಂಬಳ: 19,850
ಸಂಬಳದ ಹೊರಗೆ ಮಾಲೀಕರು ಕಟ್ಟುವ ಇಎಸ್‌ಐ ಪಾಲು: 650

ಇದರ ಕೆಳಗೆ ನಾಲ್ಕೈದು ವಾಕ್ಯಗಳಿದ್ದವು. ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುವುದು. (ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲವಾದ್ದರಿಂದ ನಗದಿನ ರೂಢಿ ನಮಗೇ ನಷ್ಟ.) ಹಬ್ಬದ ಬಾಬ್ತು ಮಾಲೀಕರು ಕೊಡುವ ಹಣ ಈ ಪಟ್ಟಿಗೆ ಸೇರಿಲ್ಲ. ಕಚೇರಿ ಕೆಲಸದ ಓಡಾಟದ ಖರ್ಚನ್ನು ವೋಚರ್ ಮೇಲೆ ಬೇರೆಯಾಗಿ ಕೊಡಲಾಗುವುದು.

ಸಂಬಳವಿಲ್ಲದ ರಜೆಯ ವಾಕ್ಯಕ್ಕೆ ನಾನು ಹೆಚ್ಚು ಹೊತ್ತು ತೆಗೆದುಕೊಂಡೆ. ತಿಂಗಳಲ್ಲಿ ಮೂರು ದಿನ ಸಂಬಳವಿಲ್ಲದ ರಜೆ ಬಿದ್ದಿತೆನ್ನಿ. 20,000ನ್ನು 30ರಿಂದ ಭಾಗಿಸಿದರೆ ಕಡಿತ 2,000 ರೂಪಾಯಿ. 26ರಿಂದ ಭಾಗಿಸಿದರೆ 2,308 ರೂಪಾಯಿ. ಯಾವ ಭಾಜಕ ಎಂದು ಬರೆಯದಿದ್ದರೆ ಮಾಲೀಕರು 26 ಎನ್ನುತ್ತಾರೆ, ನೌಕರರು 30 ಎನ್ನುತ್ತಾರೆ. ನಾವು 30 ಎಂದು ಬರೆದೆವು, ಏಕೆಂದರೆ ವಾರದ ರಜೆಗೂ ಸಂಬಳ ಸೇರಿಯೇ ಇಪ್ಪತ್ತು ಸಾವಿರ ಎಂದು ಮಾತಾಗಿತ್ತು. ಗ್ರಾಚ್ಯುಟಿಯ 26 ಬೇರೆ ಲೆಕ್ಕ. ಅದನ್ನು ಇಲ್ಲಿಗೆ ಎಳೆದು ತರಬೇಡಿ.

ಆರನೆಯ ಹಂತ: ಅವರ ಸಂಬಳವನ್ನು ಅವರೇ ಬರೆಯುವಾಗ

ಬೇರೆ ನೌಕರರಿಗಿಲ್ಲದ ಒಂದು ತೊಡಕು ಅಕೌಂಟೆಂಟರಿಗಿದೆ: ಎಲ್ಲರ ಸಂಬಳದ ಜೊತೆ ತಮ್ಮ ಸಂಬಳವನ್ನೂ ಅವರೇ ಲೆಕ್ಕ ಹಾಕುತ್ತಾರೆ, ಚಲನ್ ಅವರೇ ತಯಾರಿಸುತ್ತಾರೆ. ಇದರಲ್ಲಿ ಅಪನಂಬಿಕೆಯ ಮಾತಿಲ್ಲ. ಮುಂದೆಂದಾದರೂ ವ್ಯತ್ಯಾಸ ಬಂದರೆ ಅವರ ಮೇಲೆ ಸಂಶಯ ಬೀಳದಂತೆ ಕಾಯುವ ಏರ್ಪಾಡು ಬೇಕು. ಸಂಬಳದ ಹಾಳೆಯನ್ನು ಅವರು ತಯಾರಿಸಬೇಕು, ಬ್ಯಾಂಕಿನ ವರ್ಗಾವಣೆಗೆ ಒಪ್ಪಿಗೆಯನ್ನು ಮಾಲೀಕರು ಮಾತ್ರ ಕೊಡಬೇಕು, ಮತ್ತು ಇಎಸ್‌ಐ ಚಲನ್ 15ನೇ ತಾರೀಖಿನೊಳಗೆ ಪಾವತಿಯಾದ ರಸೀದಿಯನ್ನು ಮಾಲೀಕರು ಕಣ್ಣಾರೆ ನೋಡಿ ಸಹಿ ಹಾಕಬೇಕು. ಇದನ್ನೂ ಚೀಟಿಯ ಹಿಂಬದಿಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.

ಟ್ಯಾಲಿಯಲ್ಲಿ ಪೇ ಹೆಡ್‌ಗಳನ್ನು ತೆರೆಯುವಾಗ ಚೀಟಿಯಲ್ಲಿರುವ ಹೆಸರುಗಳನ್ನೇ ಇಡಿ. ಸಂಬಳದ ಎರಡು ಸಾಲುಗಳು `Earnings for Employees` ಅಡಿ, 150 ರೂಪಾಯಿ `Employees' Statutory Deductions` ಅಡಿ, 650 ರೂಪಾಯಿ `Employer's Statutory Contributions` ಅಡಿ ಬರಬೇಕು. 650ನ್ನು ತಪ್ಪಿ ಕಡಿತದ ಗುಂಪಿಗೆ ಹಾಕಿದರೆ ಕೈಗೆ ಬರುವ ಮೊತ್ತ 19,200 ಎಂದು ತೋರಿಸುತ್ತದೆ. ಮೊದಲ ತಿಂಗಳ ಸಂಬಳ ಚೀಟಿಯನ್ನು ಈ ವಿವರಪಟ್ಟಿಯ ಪಕ್ಕ ಇಟ್ಟು ನೋಡಿದರೆ ಆ ತಪ್ಪು ಕೂಡಲೇ ಕಾಣುತ್ತದೆ.

ಸಂಬಳ ಏರಿಸುವ ತಿಂಗಳು

ಇಎಸ್‌ಐನ ವಂತಿಗೆ ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ, ಜುಲೈನಲ್ಲಿ ಸಂಬಳವನ್ನು 21,500ಕ್ಕೆ ಏರಿಸಿದರೆ, 21,000 ಮೀರಿತೆಂದು ಆ ತಿಂಗಳೇ ಕಡಿತ ನಿಲ್ಲಿಸುವಂತಿಲ್ಲ. ಸೆಪ್ಟೆಂಬರ್ ಮುಗಿಯುವವರೆಗೆ ಏರಿದ ಪೂರ್ತಿ ಮೊತ್ತದ ಮೇಲೆ ಕಟ್ಟಬೇಕು. ಬಿಡಿ ಪೈಸೆಯನ್ನು ಮುಂದಿನ ರೂಪಾಯಿಗೆ ಏರಿಸುವುದರಿಂದ ಅವರ ಪಾಲು 162, ನಮ್ಮ ಪಾಲು 699 ರೂಪಾಯಿ ಆಗುತ್ತದೆ. ಅಕ್ಟೋಬರ್‌ನಿಂದ ಅವರು ವಂತಿಗೆಯಿಂದ ಹೊರಗುಳಿಯುತ್ತಾರೆ, ಮುಂದೆ ಚಿಕಿತ್ಸೆಯ ಸೌಲಭ್ಯವೂ ಕೈಬಿಡುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದರೆ 1,500 ರೂಪಾಯಿಯ ಏರಿಕೆಗಿಂತ ಕಳೆದುಕೊಳ್ಳುವುದೇ ಹೆಚ್ಚಾದೀತು.

ಆದ್ದರಿಂದ ಏರಿಕೆಯ ಮೊತ್ತವನ್ನು ನೀವೇ ತೀರ್ಮಾನಿಸಿ ಹೇಳುವ ಮುನ್ನ ಅವರನ್ನು ಕೇಳಿ. ನಮ್ಮ ಅಕೌಂಟೆಂಟರ ತಂದೆಗೆ ಸಕ್ಕರೆ ಕಾಯಿಲೆ ಇದೆ, ಅವರ ಔಷಧ ಇಎಸ್‌ಐ ಔಷಧಾಲಯದಿಂದಲೇ ಬರುತ್ತಿದೆ. ಮೊದಲ ಏರಿಕೆಯನ್ನು 21,000ಕ್ಕೆ ನಿಲ್ಲಿಸುವಂತೆ ಅವರೇ ಕೇಳಿಕೊಂಡರು. ಹೊಸ ವಿವರಚೀಟಿಯಲ್ಲಿ ಮೂಲವೇತನ 19,200, ಮನೆ ಬಾಡಿಗೆ ಭತ್ಯೆ 1,800, ಇಎಸ್‌ಐ ಕಡಿತ 158, ಕೈಗೆ ಬರುವುದು 20,842 ಎಂದು ಬರೆದು, ಹಳೆಯ ಚೀಟಿಯ ಜೊತೆ ಅವರ ಕಡತಕ್ಕೆ ಸೇರಿಸಿದ್ದೇವೆ.